ನಿಂತುಹೋದ ವಿಮಾ ಪಾಲಿಸಿ: ಕಂಪನಿಗೆ ಏನು ಕೇಳಬೇಕು, ಬಂದ ಉತ್ತರ ಹೇಗೆ ಓದಬೇಕು

ಅಕ್ಕ ನನ್ನ ಮುಂದೆ ಇಟ್ಟಿದ್ದು ಅಂಗೈಯಗಲದ ಒಂದು ಚೀಟಿ. ಅದರಲ್ಲಿ ಪೆನ್ಸಿಲ್‌ನಲ್ಲಿ 68,400 ಅಂತ ಬರೆದಿತ್ತು. ಅಷ್ಟೇ. ದಿನಾಂಕ ಇಲ್ಲ, ಸಹಿ ಇಲ್ಲ, ಪಾಲಿಸಿ ನಂಬರ್ ಕೂಡ ಇಲ್ಲ. "ನಾಲ್ಕು ಕಂತು ಕಟ್ಟಿದ್ದೀನಿ ಕಣೋ, ಒಂದು ಲಕ್ಷದ ಮೇಲಾಯ್ತು. ಈಗ ಇಷ್ಟೇ ಸಿಗುತ್ತಂತೆ. ತಗೊಂಡುಬಿಡ್ಲಾ?" ಅಂತ ಕೇಳಿದಳು.

ಅವಳು ಸಂಬಳದ ಖಾತೆಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿದ್ದಳು. ಹಳೆ ಖಾತೆಯಲ್ಲಿ ದುಡ್ಡಿರಲಿಲ್ಲ, ಕಂತು ಕಡಿತವಾಗಲಿಲ್ಲ. ವರ್ಷದ ಕಂತಿಗೆ ಇರುವ 30 ದಿನದ ಗ್ರೇಸ್ ಅವಧಿಯೂ ದಾಟಿತು. ಗೊತ್ತಾಗುವಷ್ಟರಲ್ಲಿ ಮುಂದಿನ ವರ್ಷದ ಕಂತೂ ತಪ್ಪಿತ್ತು. ವಿಮಾ ಕಚೇರಿಗೆ ಹೋಗಿ "ನನಗೆಷ್ಟು ಬರುತ್ತೆ?" ಅಂತ ಕೇಳಿದಳು. ಕೌಂಟರಿನಲ್ಲಿದ್ದವರು ಕೇಳಿದ್ದಕ್ಕೆ ಸರಿಯಾಗಿ ಒಂದೇ ಒಂದು ಅಂಕಿ ಬರೆದುಕೊಟ್ಟರು.

ಆ ಅಂಕಿ ತಪ್ಪಿರಲಿಲ್ಲ. ಆದರೆ ಆ ಒಂದೇ ಅಂಕಿಯಿಂದ ಏನೂ ತೀರ್ಮಾನ ಮಾಡೋಕಾಗಲ್ಲ. ನಿಂತುಹೋದ ಪಾಲಿಸಿಗೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಸರೆಂಡರ್ ಮಾಡಿ ದುಡ್ಡು ತಗೊಳ್ಳೋದು, ಏನೂ ಕಟ್ಟದೆ ಹಾಗೇ ಬಿಡೋದು, ಬಾಕಿ ಕಟ್ಟಿ ಮತ್ತೆ ಚಾಲೂ ಮಾಡೋದು, ಅಂದರೆ ರಿವೈವಲ್. ಮೂರರ ಲೆಕ್ಕವೂ ಒಂದೇ ದಿನಾಂಕಕ್ಕೆ, ಬರವಣಿಗೆಯಲ್ಲಿ ಬಂದರೆ ಮಾತ್ರ ಹೋಲಿಸಿ ನೋಡಬಹುದು. ಅದನ್ನು ಕೇಳಿ ಪಡೆಯೋದು ಹೇಗೆ ಅನ್ನೋದೇ ಈ ಲೇಖನ. ಅಕ್ಕನ ಪಾಲಿಸಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಗುಂಡಾಗಿಸಿದ್ದೇನೆ.

"ಲ್ಯಾಪ್ಸ್" ಅಂದರೆ ಯಾವ ಲ್ಯಾಪ್ಸ್?

ಏಜೆಂಟರ ಬಾಯಲ್ಲಿ ಕಂತು ನಿಂತ ಪಾಲಿಸಿ ಎಲ್ಲವೂ ಲ್ಯಾಪ್ಸ್. ಆದರೆ ಕಂಪನಿಯ ಲೆಕ್ಕದಲ್ಲಿ ಇದರಲ್ಲಿ ಎರಡು ಬಗೆ ಇದೆ.

ಒಂದು, ಕಟ್ಟಬೇಕಾದ ಕನಿಷ್ಠ ಕಂತುಗಳಿಗೂ ಮೊದಲೇ ನಿಂತದ್ದು. ಇದರಲ್ಲಿ ವಿಮೆ ಇಲ್ಲ, ಸರೆಂಡರ್ ಮೊತ್ತವೂ ಇಲ್ಲ. ಇನ್ನೊಂದು, ಆ ಕನಿಷ್ಠ ದಾಟಿದ ಮೇಲೆ ನಿಂತದ್ದು. ಇದು ಸತ್ತಿಲ್ಲ, ಸಣ್ಣದಾಗಿದೆ ಅಷ್ಟೇ. ಇದಕ್ಕೆ ಪೇಯ್ಡ್-ಅಪ್ ಅಂತಾರೆ. ಕಡಿಮೆಯಾದ ವಿಮಾ ಮೊತ್ತದೊಂದಿಗೆ ಅದು ಅವಧಿ ಮುಗಿಯುವವರೆಗೂ ಬದುಕಿರುತ್ತದೆ.

ಆ ಕನಿಷ್ಠ ಎಷ್ಟು ಅನ್ನೋದು ಪಾಲಿಸಿ ಯಾವಾಗ ತಗೊಂಡದ್ದು ಅನ್ನೋದರ ಮೇಲಿದೆ. ಹಳೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಕಂತು ಕಟ್ಟಿರಬೇಕಿತ್ತು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ತಂದ ನಿಯಮದಲ್ಲಿ ಅದು ಎರಡು ವರ್ಷಕ್ಕೆ ಇಳಿಯಿತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮಾರುವ ಪಾಲಿಸಿಗಳಲ್ಲಿ ಒಂದು ಪೂರ್ತಿ ವರ್ಷದ ಕಂತು ಕಟ್ಟಿ, ಆ ವರ್ಷ ಮುಗಿದಿದ್ದರೂ ಸರೆಂಡರ್ ಮೊತ್ತ ಹುಟ್ಟುತ್ತದೆ. ಹೊಸ ನಿಯಮದ ಸುದ್ದಿ ಓದಿ ಹಳೆಯ ಪಾಲಿಸಿಗೂ ಅದೇ ಸಿಗುತ್ತೆ ಅಂತ ಹೋದವರಿಗೆ ನಿರಾಸೆಯಾಗುತ್ತದೆ. ನಿಮ್ಮ ಬಾಂಡಿನಲ್ಲಿ ಬರೆದಿರುವುದೇ ನಿಮಗೆ ಲಾಗೂ. ಹಾಗಾಗಿ ಕಂಪನಿಗೆ ಕೇಳುವ ಮೊದಲು ಬಾಂಡ್ ತೆಗೆದು ಸರೆಂಡರ್, ಪೇಯ್ಡ್-ಅಪ್, ರಿವೈವಲ್ ಅನ್ನುವ ಮೂರು ಕಲಮುಗಳನ್ನು ಓದಿಕೊಳ್ಳಿ. ಎಲ್ಲ ಸೇರಿ ಎರಡು ಪುಟ ಇರುತ್ತದೆ.

ಇಲ್ಲಿ ನಾನು ಹೇಳುತ್ತಿರುವುದು ಎಂಡೋಮೆಂಟ್, ಮನಿಬ್ಯಾಕ್ ತರಹದ ಉಳಿತಾಯದ ಪಾಲಿಸಿಗಳ ಬಗ್ಗೆ. ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಬರುವ ಬರೀ ಟರ್ಮ್ ಪಾಲಿಸಿಗೆ ಸಾಮಾನ್ಯವಾಗಿ ಸರೆಂಡರ್ ಮೊತ್ತ ಇರುವುದಿಲ್ಲ. ಕಂತಿನ ದುಡ್ಡನ್ನು ಮಾರುಕಟ್ಟೆಯ ಫಂಡುಗಳಲ್ಲಿ ಹಾಕುವ ಯೂಲಿಪ್‌ಗೆ ದುಡ್ಡು ತೆಗೆಯಲಾಗದ ಐದು ವರ್ಷದ ಲಾಕ್-ಇನ್ ಇದೆ, ಅದರ ಲೆಕ್ಕವೇ ಬೇರೆ.

ಪತ್ರ ಹೀಗಿರಲಿ

ಕೌಂಟರಿನಲ್ಲಿ ಬಾಯಿಮಾತಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗೋದು. ಪತ್ರ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಇಲ್ಲವೇ ಕಂಪನಿಯಲ್ಲಿ ನೋಂದಾಯಿಸಿರುವ ನಿಮ್ಮ ಇಮೇಲ್‌ನಿಂದಲೇ ಕಳಿಸಿ. ಪಾಲಿಸಿದಾರರೇ ಕೇಳಬೇಕು. ನಾಮಿನಿ ಕೇಳಿದರೆ, ಗಂಡನ ಪರವಾಗಿ ಹೆಂಡತಿ ಕೇಳಿದರೆ ವಿವರ ಕೊಡುವುದಿಲ್ಲ. ಅಕ್ಕ ಕೊಟ್ಟ ಪತ್ರದ ಸಾರ ಇದು:

*ವಿಷಯ: ಪಾಲಿಸಿ ನಂಬರ್ ______, ಸರೆಂಡರ್ ಮೊತ್ತ ಮತ್ತು ರಿವೈವಲ್ ಷರತ್ತುಗಳ ವಿವರ ಕೋರಿ.*

*ಮಾನ್ಯರೇ, ಈ ಪಾಲಿಸಿಗೆ 10-06-2020ರಿಂದ ನಾಲ್ಕು ವಾರ್ಷಿಕ ಕಂತು ಕಟ್ಟಿದ್ದೇನೆ. 10-06-2024ರ ಕಂತಿನಿಂದ ಬಾಕಿ ಇದೆ. ಮುಂದೇನು ಮಾಡಬೇಕೆಂದು ನಾನಿನ್ನೂ ತೀರ್ಮಾನಿಸಿಲ್ಲ. ಇದು ಸರೆಂಡರ್ ಅರ್ಜಿ ಅಲ್ಲ. ಕೆಳಗಿನ ವಿವರಗಳನ್ನು 10-12-2025ರ ದಿನಾಂಕಕ್ಕೆ ಲೆಕ್ಕ ಮಾಡಿ ಬರವಣಿಗೆಯಲ್ಲಿ ಕೊಡಬೇಕಾಗಿ ವಿನಂತಿ.*

*ಪಾಲಿಸಿಯ ಈಗಿನ ಸ್ಥಿತಿ ಲ್ಯಾಪ್ಸ್ ಎಂದೇ ಅಥವಾ ಪೇಯ್ಡ್-ಅಪ್ ಎಂದೇ? ಈವರೆಗೆ ಜಮೆಯಾದ ಬೋನಸ್ ಎಷ್ಟು?*

*ಖಾತರಿ ಸರೆಂಡರ್ ಮೊತ್ತ ಎಷ್ಟು, ವಿಶೇಷ ಸರೆಂಡರ್ ಮೊತ್ತ ಎಷ್ಟು, ಬೋನಸ್ಸಿನ ಬಾಬ್ತು ಎಷ್ಟು? ಸಾಲ, ಬಡ್ಡಿ, ಬೇರೆ ಕಡಿತಗಳಿದ್ದರೆ ಪ್ರತ್ಯೇಕವಾಗಿ ತೋರಿಸಿ.*

*ಇನ್ನು ಕಂತು ಕಟ್ಟದೆ ಬಿಟ್ಟರೆ ಅವಧಿಯ ಕೊನೆಗೆ ಎಷ್ಟು ಸಿಗುತ್ತದೆ? ನಡುವೆ ನಾನು ತೀರಿಕೊಂಡರೆ ನಾಮಿನಿಗೆ ಎಷ್ಟು?*

*ರಿವೈವಲ್‌ಗೆ ಕೊನೆಯ ದಿನಾಂಕ ಯಾವುದು? ಬಾಕಿ ಕಂತು ಎಷ್ಟು, ಬಡ್ಡಿ ಎಷ್ಟು, ಬಡ್ಡಿ ದರ ಯಾವುದು? ಆರೋಗ್ಯ ಘೋಷಣೆ ಸಾಕೇ, ವೈದ್ಯಕೀಯ ಪರೀಕ್ಷೆ ಬೇಕೇ? ರಿವೈವ್ ಆದರೆ ತಪ್ಪಿದ ವರ್ಷಗಳ ಬೋನಸ್ ಸೇರುತ್ತದೆಯೇ?*

"ಇದು ಸರೆಂಡರ್ ಅರ್ಜಿ ಅಲ್ಲ" ಅನ್ನುವ ಸಾಲು ಮುಖ್ಯ. ಸರೆಂಡರ್ ಆದ ಪಾಲಿಸಿಯನ್ನು ಮತ್ತೆ ಚಾಲೂ ಮಾಡೋಕೆ ಬರಲ್ಲ. ವಿವರ ಕೇಳೋಕೆ ಹೋದವರ ಕೈಯಲ್ಲಿ ಬಾಂಡ್ ಇಸಕೊಂಡು, ಡಿಸ್ಚಾರ್ಜ್ ಫಾರಂಗೆ ಸಹಿ ಹಾಕಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ವಿವರ ಕೇಳೋಕೆ ಮೂಲ ಬಾಂಡ್ ಕೊಡಬೇಕಾಗಿಲ್ಲ, ಕ್ಯಾನ್ಸಲ್ ಮಾಡಿದ ಚೆಕ್ಕೂ ಕೊಡಬೇಕಾಗಿಲ್ಲ.

ದಿನಾಂಕ ಹಾಕೋದೂ ಅಷ್ಟೇ ಮುಖ್ಯ. ಸರೆಂಡರ್ ಮೊತ್ತವೂ ರಿವೈವಲ್ ಬಡ್ಡಿಯೂ ದಿನ ಕಳೆದಂತೆ ಬದಲಾಗುತ್ತವೆ. ಇವತ್ತಿನ ಒಂದು ಅಂಕಿಯನ್ನು ಮೂರು ತಿಂಗಳ ಹಿಂದಿನ ಇನ್ನೊಂದಕ್ಕೆ ಹೋಲಿಸಿದರೆ ಲೆಕ್ಕ ಕೂಡಲ್ಲ.

68,400 ಎಲ್ಲಿಂದ ಬಂತು?

ಅಕ್ಕನ ಪಾಲಿಸಿ 20 ವರ್ಷದ ಎಂಡೋಮೆಂಟ್. ವಿಮಾ ಮೊತ್ತ 5 ಲಕ್ಷ, ವರ್ಷದ ಕಂತು 26,000 ರೂಪಾಯಿ. ನಾಲ್ಕು ಕಂತು, ಅಂದರೆ 1,04,000 ಕಟ್ಟಿದ್ದಾಳೆ.

ಮೊದಲು ಪೇಯ್ಡ್-ಅಪ್ ಲೆಕ್ಕ. 20 ಕಂತಿನಲ್ಲಿ 4 ಕಟ್ಟಿದ್ದರಿಂದ ವಿಮಾ ಮೊತ್ತವೂ ಐದರಲ್ಲಿ ಒಂದು ಪಾಲಾಗುತ್ತದೆ. 5 ಲಕ್ಷ ಇದ್ದದ್ದು 1 ಲಕ್ಷ ಆಯಿತು. ನಾಲ್ಕು ವರ್ಷದ ಬೋನಸ್ ವರ್ಷಕ್ಕೆ 20,000ದಂತೆ 80,000. ಎರಡೂ ಸೇರಿ 1,80,000. ಒಂದು ರೂಪಾಯಿಯನ್ನೂ ಕಟ್ಟದೆ ಬಿಟ್ಟರೆ 2040ರ ಜೂನ್‌ನಲ್ಲಿ ಸಿಗುವುದು ಇದು. ಈ ಪಾಲಿಸಿಯಲ್ಲಿ ಅಲ್ಲಿಯವರೆಗೆ ಹೊಸ ಬೋನಸ್ ಸೇರುವುದಿಲ್ಲ.

ಇನ್ನು ಸರೆಂಡರ್. ಇದರಲ್ಲಿ ಎರಡು ಲೆಕ್ಕಗಳಿವೆ, ಯಾವುದು ಜಾಸ್ತಿಯೋ ಅದನ್ನು ಕೊಡಬೇಕು.

ಖಾತರಿ ಮೊತ್ತ ಕಟ್ಟಿದ ಕಂತಿನ ಮೇಲೆ ನಿಲ್ಲುತ್ತದೆ. 2019ರ ನಿಯಮದ ಪಾಲಿಸಿಗಳಲ್ಲಿ ಎರಡನೇ ವರ್ಷ ಸರೆಂಡರ್ ಮಾಡಿದರೆ ಕಟ್ಟಿದ್ದರಲ್ಲಿ ಕನಿಷ್ಠ 30 ಪರ್ಸೆಂಟ್, ಮೂರನೇ ವರ್ಷ 35, ನಾಲ್ಕರಿಂದ ಏಳನೇ ವರ್ಷದವರೆಗೆ 50. ಅಕ್ಕನದು ಆರನೇ ಪಾಲಿಸಿ ವರ್ಷ, ಹಾಗಾಗಿ 52,000. ಬೋನಸ್ 80,000 ಇದ್ದರೂ ಅದನ್ನು ಪೂರ್ತಿ ಕೊಡುವುದಿಲ್ಲ. ಅದು 2040ಕ್ಕೆ ಕೊಡಬೇಕಾದ ದುಡ್ಡು, ಈಗಲೇ ಕೊಟ್ಟರೆ ಒಂದು ಪಾಲು ಮಾತ್ರ. ಇಲ್ಲಿ 17 ಪರ್ಸೆಂಟ್ ಅಂದುಕೊಳ್ಳಿ, 13,600 ಆಯಿತು. ಖಾತರಿ ಲೆಕ್ಕ 65,600ಕ್ಕೆ ನಿಂತಿತು.

ವಿಶೇಷ ಮೊತ್ತದ ಬುಡ ಬೇರೆ. ಪೇಯ್ಡ್-ಅಪ್ ಲೆಕ್ಕದ 1,80,000ವನ್ನು ಇಷ್ಟು ವರ್ಷ ಮೊದಲೇ ಕೊಟ್ಟರೆ ಅದರ ಬೆಲೆ ಎಷ್ಟು ಅಂತ ಕಂಪನಿ ಒಂದು ಫ್ಯಾಕ್ಟರ್ ಇಟ್ಟುಕೊಂಡಿರುತ್ತದೆ. ಇಲ್ಲಿ ಅದು 38 ಪರ್ಸೆಂಟ್ ಅಂತ ಇಟ್ಟುಕೊಂಡರೆ 68,400. ಇದೇ ದೊಡ್ಡದು, ಹಾಗಾಗಿ ಇದೇ ಚೀಟಿಯಲ್ಲಿ ಬಂತು.

ಕಟ್ಟಿದ್ದು 1,04,000, ಬರೋದು 68,400. ಹೊಟ್ಟೆ ಉರಿಯೋದು ಸಹಜ. ಮೊದಲ ವರ್ಷಗಳ ಕಂತಿನಲ್ಲಿ ಕಮಿಷನ್, ಕಂಪನಿಯ ಖರ್ಚು, ಅಷ್ಟು ದಿನ ಕೊಟ್ಟ ವಿಮೆಯ ಬೆಲೆ ಎಲ್ಲ ಹೋಗಿರುತ್ತದೆ. ಆದರೆ ಆ 1,04,000ವನ್ನು ಮನಸ್ಸಿನಿಂದ ಪಕ್ಕಕ್ಕಿಟ್ಟರೇ ಮುಂದಿನ ಲೆಕ್ಕ ಸರಿಯಾಗಿ ಕಾಣೋದು. ಅದು ಮೂರು ದಾರಿಗೂ ಒಂದೇ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ

ಮೊದಲು ಸರೆಂಡರ್‌ಗೂ ಹಾಗೇ ಬಿಡೋದಕ್ಕೂ ಹೋಲಿಸಿ. ಈಗ 68,400 ತಗೊಂಡು ವರ್ಷಕ್ಕೆ 7 ಪರ್ಸೆಂಟ್ ಬೆಳೆಯುವ ಕಡೆ ಇಟ್ಟರೆ, ಹದಿನಾಲ್ಕೂವರೆ ವರ್ಷದಲ್ಲಿ ಸುಮಾರು 1,82,000 ಆಗುತ್ತದೆ. ಏನೂ ಮಾಡದೆ ಬಿಟ್ಟರೆ 1,80,000. ಎರಡೂ ಹತ್ತಿರ ಹತ್ತಿರ ಒಂದೇ ಅಲ್ವಾ? ಆದರೆ ಬಿಟ್ಟದ್ದರಲ್ಲಿ ಒಂದು ಲಾಭ ಇದೆ. ನಾಳೆಯೇ ಅಕ್ಕನಿಗೆ ಏನಾದರೂ ಆದರೆ ನಾಮಿನಿಗೆ ಆ 1,80,000 ಬರುತ್ತದೆ. ದುಡ್ಡಿನ ತುರ್ತು ಇಲ್ಲದಿದ್ದರೆ ಸರೆಂಡರ್‌ಗಿಂತ ಸುಮ್ನೆ ಬಿಡೋದೇ ಎಷ್ಟೋ ಸಲ ವಾಸಿ ಅನ್ನೋದು ನನ್ನ ಅನುಭವ. ಆದರೆ ಕೈಯಲ್ಲಿ ದುಬಾರಿ ಬಡ್ಡಿಯ ಸಾಲ ಇದ್ದರೆ ಈ ಮಾತು ನಿಲ್ಲಲ್ಲ. 15 ಪರ್ಸೆಂಟಿನ ಸಾಲ ತೀರಿಸೋಕೆ ಸರೆಂಡರ್ ದುಡ್ಡು ಬಳಸೋದು ಸರಿಯಾದ ಲೆಕ್ಕವೇ.

ಇನ್ನು ರಿವೈವಲ್. ಬಾಕಿ ಎರಡು ಕಂತು, 52,000. ಬಡ್ಡಿ ವರ್ಷಕ್ಕೆ 9 ಪರ್ಸೆಂಟ್, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅಂತ ಹಿಡಿದರೆ, 2024ರ ಕಂತು 29,670 ಆಗಿದೆ, 2025ರದ್ದು 27,170. ಒಟ್ಟು 56,840. ಇದನ್ನು ಈಗ ಕಟ್ಟಿ, ಮುಂದೆ 14 ವರ್ಷ 26,000ದಂತೆ ಕಟ್ಟಬೇಕು. ಬೋನಸ್ ಇದೇ ದರದಲ್ಲಿ ಬಂದರೆ ಕೊನೆಗೆ ಸಿಗೋದು 9 ಲಕ್ಷ. ಮುಂದಿನ ಬೋನಸ್‌ಗೆ ಖಾತರಿ ಇಲ್ಲ ಅನ್ನೋದನ್ನು ಮರೆಯಬೇಡಿ.

ಇಲ್ಲೇ ಜನ ಎಡವೋದು. "9 ಲಕ್ಷ ಬರುತ್ತೆ" ಅಂತ ಏಜೆಂಟ್ ಹೇಳಿದರೆ ಅದರಲ್ಲಿ 1,80,000 ಹೇಗಿದ್ದರೂ ಬರುವುದೇ. ಹೊಸದಾಗಿ ಹಾಕುವ ದುಡ್ಡಿಗೆ ಹೊಸದಾಗಿ ಬರುವುದು 7,20,000 ಮಾತ್ರ. ಹೊಸದಾಗಿ ಹಾಕುವುದು ಈಗಿನ 56,840 ಮತ್ತು 14 ಕಂತು, ಒಟ್ಟು 4,20,840. ವರ್ಷವಾರು ಲೆಕ್ಕ ಹಾಕಿದರೆ ಇದು ವರ್ಷಕ್ಕೆ 6 ಪರ್ಸೆಂಟಿಗೆ ಸ್ವಲ್ಪ ಮೇಲೆ ಬೀಳುತ್ತದೆ. ಜೊತೆಗೆ 5 ಲಕ್ಷದ ವಿಮೆ ಪೂರ್ತಿ ವಾಪಸ್ ಬರುತ್ತದೆ.

ಆರು ಪರ್ಸೆಂಟ್ ಸಾಕೋ ಬೇಡವೋ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಆರೋಗ್ಯ ಚೆನ್ನಾಗಿದ್ದು, ವಯಸ್ಸು ಕಡಿಮೆ ಇದ್ದರೆ ಅಷ್ಟೇ ವಿಮೆ ಟರ್ಮ್ ಪಾಲಿಸಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಉಳಿದ ದುಡ್ಡು ಬೇರೆ ಕಡೆ ಹಾಕಬಹುದು. ಈಚೆಗೆ ಸಕ್ಕರೆ ಕಾಯಿಲೆ, ಬಿಪಿ ಬಂದವರಿಗೆ ಹೊಸ ಪಾಲಿಸಿ ದುಬಾರಿ, ಕೆಲವೊಮ್ಮೆ ಸಿಗೋದೇ ಇಲ್ಲ. ಅವರಿಗೆ ಹಳೆಯ ವಯಸ್ಸಿನ ಕಂತಿನಲ್ಲಿ ಹಳೆಯ ಪಾಲಿಸಿ ವಾಪಸ್ ಬರೋದು ದೊಡ್ಡ ವಿಷಯ.

ರಿವೈವಲ್‌ನ ಷರತ್ತುಗಳಲ್ಲಿ ಕಣ್ಣಿಡಬೇಕಾದದ್ದು

ಮೊದಲನೆಯದು ಗಡುವು. 2019ರ ನಿಯಮದಲ್ಲಿ ಯೂಲಿಪ್ ಅಲ್ಲದ ಪಾಲಿಸಿಗಳಿಗೆ ಮೊದಲು ತಪ್ಪಿದ ಕಂತಿನ ದಿನದಿಂದ ಐದು ವರ್ಷ, ಯೂಲಿಪ್‌ಗೆ ಮೂರು ವರ್ಷ. ಅದಕ್ಕೂ ಹಿಂದಿನ ಕೆಲವು ಪಾಲಿಸಿಗಳ ಬಾಂಡಿನಲ್ಲಿ ಎರಡೇ ವರ್ಷ ಅಂತ ಇದೆ. ಲೆಕ್ಕ ಶುರುವಾಗೋದು ಮೊದಲು ತಪ್ಪಿದ ಕಂತಿನಿಂದ, ಕೊನೆಗೆ ತಪ್ಪಿದ್ದರಿಂದ ಅಲ್ಲ. ಅಕ್ಕನಿಗೆ 2029ರ ಜೂನ್‌ವರೆಗೆ ಸಮಯ ಇತ್ತು. ಆದರೆ ತಡವಾದಷ್ಟೂ ಬಡ್ಡಿ ಏರುತ್ತದೆ, ಆರೋಗ್ಯದ ದಾಖಲೆಗಳನ್ನೂ ಜಾಸ್ತಿ ಕೇಳುತ್ತಾರೆ.

ಬಾಕಿಯನ್ನು ಒಟ್ಟಿಗೆ ಕಟ್ಟೋಕಾಗದಿದ್ದರೆ ಬೇರೆ ದಾರಿ ಇದೆಯಾ ಅಂತ ಕೇಳಿ. ಎಲ್‌ಐಸಿಯಲ್ಲಿ ಕಂತುಗಳಲ್ಲಿ ಬಾಕಿ ತೀರಿಸುವುದು, ಪಾಲಿಸಿ ಮೇಲೆ ಸಾಲ ಎತ್ತಿ ಅದರಿಂದಲೇ ಬಾಕಿ ಕಟ್ಟುವುದು, ಪಾಲಿಸಿ ಶುರುವಾದ ದಿನಾಂಕವನ್ನೇ ಮುಂದಕ್ಕೆ ತಳ್ಳುವ ಸ್ಪೆಷಲ್ ರಿವೈವಲ್ ಹೀಗೆ ಬೇರೆ ಬೇರೆ ಬಗೆಗಳಿವೆ. ಕೊನೆಯದರಲ್ಲಿ ಬಾಕಿ ಹೊರೆ ಇಳಿಯುತ್ತದೆ, ಆದರೆ ವಯಸ್ಸು ಏರಿದ ಲೆಕ್ಕದಲ್ಲಿ ಕಂತು ಜಾಸ್ತಿಯಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಬಾಕಿ ಕಟ್ಟಿದ ತಕ್ಷಣ ಪಾಲಿಸಿ ಚಾಲೂ ಆಗುವುದಿಲ್ಲ. ಕಂಪನಿ ಒಪ್ಪಿಕೊಂಡೆ ಅಂತ ತಿಳಿಸಿದಾಗಲೇ ಆಗೋದು. ಅಲ್ಲಿಯವರೆಗೆ ನೀವು ಕಟ್ಟಿದ್ದು ಡಿಪಾಸಿಟ್ ಆಗಿ ಕೂತಿರುತ್ತದೆ. ಆ ನಡುವೆ ಸಾವು ಸಂಭವಿಸಿದರೆ ಪೂರ್ತಿ ವಿಮಾ ಮೊತ್ತ ಸಿಗದೆ ಕುಟುಂಬಕ್ಕೆ ದೊಡ್ಡ ಪೆಟ್ಟು ಬೀಳಬಹುದು. ಅಕ್ಕನ ರಸೀದಿಯಲ್ಲಿ ಮೊತ್ತದ ಕೆಳಗೆ ಸಣ್ಣಕ್ಷರದಲ್ಲಿ "ರಿವೈವಲ್ ಒಪ್ಪಿಗೆಗೆ ಒಳಪಟ್ಟು" ಅನ್ನುವ ಅರ್ಥದ ಒಂದು ಸಾಲಿತ್ತು. ಅವಳು ಅದನ್ನು ಓದಿರಲೇ ಇಲ್ಲ. ರಸೀದಿ ಬಂತು, ಕೆಲಸ ಮುಗೀತು ಅಂದುಕೊಂಡಿದ್ದಳು.

ಮೂರನೆಯದು ಆರೋಗ್ಯದ ಫಾರಂ. ಎಲ್‌ಐಸಿಯಲ್ಲಿ ಇದಕ್ಕೆ 680ನೇ ನಂಬರ್ ಫಾರಂ, ಬೇರೆ ಕಂಪನಿಗಳಲ್ಲಿ ಬೇರೆ ಹೆಸರು. ಇದನ್ನು ಏಜೆಂಟ್ ಕೈಗೆ ಕೊಟ್ಟು "ನೀವೇ ತುಂಬಿಬಿಡಿ" ಅನ್ನಬೇಡಿ. ಕಾರಣ ವಿಮಾ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿದೆ. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷದ ಎಣಿಕೆ ಪಾಲಿಸಿ ಕೊಟ್ಟ ದಿನ, ವಿಮೆ ಶುರುವಾದ ದಿನ, ಹೆಚ್ಚುವರಿ ರಕ್ಷಣೆಯ ರೈಡರ್ ಸೇರಿಸಿದ ದಿನ, ರಿವೈವ್ ಆದ ದಿನ ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ. ಅಂದರೆ ಹತ್ತು ವರ್ಷದ ಹಳೆಯ ಪಾಲಿಸಿಯಾದರೂ ರಿವೈವ್ ಮಾಡಿದ ದಿನ ಗಡಿಯಾರ ಮತ್ತೆ ಸೊನ್ನೆಯಿಂದ ಓಡುತ್ತದೆ. ಮುಂದಿನ ಮೂರು ವರ್ಷದಲ್ಲಿ ಕ್ಲೇಮ್ ಬಂದರೆ ಆ ಫಾರಂ ಅನ್ನೇ ತೆಗೆದು ನೋಡುತ್ತಾರೆ. ಅಲ್ಲಿ ಮುಚ್ಚಿಟ್ಟ ಒಂದು ಮಾತ್ರೆಯ ಹೆಸರು ನಾಮಿನಿಗೆ ತೊಂದರೆ ಕೊಡಬಹುದು. ಆತ್ಮಹತ್ಯೆಯಾದರೆ ಪೂರ್ತಿ ವಿಮಾ ಮೊತ್ತ ಕೊಡದ ಕಲಮಿಗೂ ರಿವೈವಲ್‌ನಿಂದ ಹನ್ನೆರಡು ತಿಂಗಳು ಮತ್ತೆ ಎಣಿಕೆಯಾಗುತ್ತದೆ.

ಕಂಪನಿ ಆರೋಗ್ಯ ನೋಡಿ ಹೆಚ್ಚುವರಿ ಕಂತು ಕೇಳಬಹುದು, ಬೇಡ ಅಂತ ತಿರಸ್ಕರಿಸಲೂಬಹುದು. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಡಿಪಾಸಿಟ್ ವಾಪಸ್ ಕೇಳಿ. ಆಗಲೂ ಪೇಯ್ಡ್-ಅಪ್ ಮೊತ್ತ ಎಲ್ಲೂ ಹೋಗಿರುವುದಿಲ್ಲ.

ಉತ್ತರ ಬರದಿದ್ದರೆ, ಅರೆಬರೆ ಬಂದರೆ

ಬರೀ ಒಟ್ಟು ಮೊತ್ತ ಬರೆದು ಕಳಿಸಿದರೆ ಒಪ್ಪಬೇಡಿ. ಖಾತರಿ ಮತ್ತು ವಿಶೇಷ ಎರಡೂ ಲೆಕ್ಕ ಬಿಡಿಸಿ ಬಂದಿದೆಯಾ, ಕಟ್ಟಿದ ಕಂತುಗಳ ಸಂಖ್ಯೆ ನಿಮ್ಮ ರಸೀದಿಗಳಿಗೆ ತಾಳೆ ಆಗುತ್ತಾ ನೋಡಿ. ಒಂದು ಕಂತು ಅವರ ಲೆಕ್ಕದಲ್ಲಿ ಬಿಟ್ಟುಹೋಗಿದ್ದರೆ ಪೇಯ್ಡ್-ಅಪ್, ಬೋನಸ್, ಸರೆಂಡರ್ ಮೂರೂ ಇಳಿಯುತ್ತವೆ. ಕೆಲವೊಮ್ಮೆ ಅದೇ ಒಂದು ಕಂತು ಪಾಲಿಸಿಯನ್ನು ಪೇಯ್ಡ್-ಅಪ್‌ನಿಂದ ಲ್ಯಾಪ್ಸ್‌ಗೆ ತಳ್ಳಿರುತ್ತದೆ.

ಉತ್ತರವೇ ಬರದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಬಹುದು. ದೂರು ಕೊಟ್ಟು ಒಂದು ತಿಂಗಳಾದರೂ ಕಂಪನಿ ಸುಮ್ಮನಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಫೀಸ್ ಇಲ್ಲ, ವಕೀಲರೂ ಬೇಡ. ಸೀಲು ಹಾಕಿಸಿದ ಆ ನಕಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು. ನಿಂತ ಪಾಲಿಸಿ ಇರುವವರಿಗೆ "ನಿಮ್ಮ ಬೋನಸ್ ತಡೆಹಿಡಿದಿದೆ, ಇಷ್ಟು ಕಟ್ಟಿದರೆ ಬಿಡುಗಡೆ ಮಾಡಿಸ್ತೀವಿ" ಅಂತ ಫೋನ್ ಬರುತ್ತವೆ. ಪಾಲಿಸಿ ನಂಬರನ್ನೂ ಸರಿಯಾಗಿ ಹೇಳುತ್ತಾರೆ. ಬೋನಸ್ ಬಿಡಿಸೋಕೆ ದುಡ್ಡು ಕಟ್ಟುವ ಪದ್ಧತಿ ಯಾವ ಪಾಲಿಸಿಯಲ್ಲೂ ಇಲ್ಲ. ಫೋನ್ ಇಟ್ಟುಬಿಡಿ.

ಅಕ್ಕನಿಗೆ ಬೇರೆ ಯಾವ ವಿಮೆಯೂ ಇರಲಿಲ್ಲ, ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ಬೇರೆ. ಎಲ್ಲ ನೋಡಿ ರಿವೈವಲ್‌ಗೇ ಹೋದಳು. ಫಾರಂನಲ್ಲಿ ಮಾತ್ರೆಯ ಹೆಸರು, ಶುರುವಾದ ತಿಂಗಳು ಎರಡನ್ನೂ ಬರೆದಳು. ರಕ್ತಪರೀಕ್ಷೆ ಕೇಳಿದರು, ಅದರ ಖರ್ಚು ಅವಳದೇ. ಮೂರು ವಾರದ ಮೇಲೆ ಒಪ್ಪಿಗೆ ಪತ್ರ ಬಂತು. ಅದರಲ್ಲಿದ್ದ ರಿವೈವಲ್ ದಿನಾಂಕವನ್ನೂ, ಅದಕ್ಕೆ ಮೂರು ವರ್ಷ ಕೂಡಿಸಿದ ದಿನಾಂಕವನ್ನೂ ಬಾಂಡ್ ಇಟ್ಟಿರುವ ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾಳೆ. ಕಂತು ಈಗ ಹೊಸ ಖಾತೆಯಿಂದ ಹೋಗುತ್ತದೆ.